ಲ್ಯಾಬ್ ರೆಕಾರ್ಡಿನ ಹನ್ನೆರಡನೇ ಪ್ರೋಗ್ರಾಮ್

(ಇಂಟರ್ನ್‌ಶಿಪ್ ಸಂದರ್ಶನಕ್ಕೆ ತಯಾರಾಗುತ್ತಿರುವ ಎರಡನೇ ವರ್ಷದ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನಿಮ್ಮ ಮೇಡಂ ನಿಮ್ಮಲ್ಲಿ ಕೆಲವರ ರೆಸ್ಯೂಮೆಗಳನ್ನು ನನಗೆ ಮೊದಲೇ ಕಳಿಸಿಕೊಟ್ಟಿದ್ದರು. ಕೂತು ಓದಿದೆ. ಹೆಚ್ಚುಕಡಿಮೆ ಎಲ್ಲದರಲ್ಲೂ ಒಂದೇ ತೊಡಕು ಕಂಡಿತು. ‘ಪ್ರಾಜೆಕ್ಟ್ಸ್’ ಅನ್ನುವ ಜಾಗ ಬಂದ ಕೂಡಲೇ ಕೈ ನಿಂತುಬಿಟ್ಟಿದೆ. ಕೆಲವರು ಆ ಜಾಗವನ್ನೇ ತೆಗೆದುಹಾಕಿದ್ದಾರೆ. ಇನ್ನು ಕೆಲವರು ವೆದರ್ ಆ್ಯಪ್, ಟು-ಡೂ ಲಿಸ್ಟ್, ಚಾಟ್ ಆ್ಯಪ್, ಇ-ಕಾಮರ್ಸ್ ವೆಬ್‌ಸೈಟ್ ಎಂದು ನಾಲ್ಕು ಹೆಸರು ತುಂಬಿಸಿದ್ದಾರೆ. ಇವು ಯೂಟ್ಯೂಬ್ ನೋಡಿಕೊಂಡು ಟೈಪ್ ಮಾಡಿದವು ಅಂತ ಓದುವವರಿಗೆ ತಕ್ಷಣ ಗೊತ್ತಾಗುತ್ತದೆ.

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಇಂಟರ್ನ್‌ಗಳನ್ನು ಆರಿಸುವಾಗ ಪ್ರಶ್ನೆ ಕೇಳುವ ಕಡೆ ಕೂರುತ್ತೇನೆ. ಆ ಕಡೆಯಿಂದ ಏನು ಕಾಣುತ್ತದೆ ಅನ್ನುವುದನ್ನು ಹೇಳಲು ಬಂದಿದ್ದೇನೆ. ಸಂದರ್ಶನ ಮುಕ್ಕಾಲು ಗಂಟೆಯದು ಅಂದುಕೊಳ್ಳಿ. ಮೊದಲು ಪರಿಚಯ, ಆಮೇಲೆ ರೆಸ್ಯೂಮೆಯಲ್ಲಿ ಬರೆದಿದ್ದರ ಮೇಲೆ ಒಂದಿಷ್ಟು ಮಾತು, ಅದಾದ ಮೇಲೆ ಒಂದು ಕೋಡಿಂಗ್ ಪ್ರಶ್ನೆ. ರೆಸ್ಯೂಮೆಯ ಮೇಲಿನ ಮಾತಿಗೆ ಸಿಗುವುದು ಹತ್ತೋ ಹದಿನೈದೋ ನಿಮಿಷ. ಆ ಹೊತ್ತಿನಲ್ಲಿ ನಾಲ್ಕು ಪ್ರಾಜೆಕ್ಟ್‌ಗಳ ಬಗ್ಗೆ ಕೇಳಲು ಯಾರಿಂದಲೂ ಆಗುವುದಿಲ್ಲ. ಒಂದನ್ನು ಹಿಡಿದು ಕೆಳಗಿಳಿಯುತ್ತಾ ಹೋಗುತ್ತೇವೆ. ಎಲ್ಲಿ ಕಾಲು ನೆಲಕ್ಕೆ ಸಿಗುವುದಿಲ್ಲವೋ ಅಲ್ಲಿಗೆ ನಿಲ್ಲಿಸುತ್ತೇವೆ. ಎರಡನೇ ವರ್ಷದವರಿಗೆ ಏನೇನು ಗೊತ್ತಿರಲಾರದು ಅನ್ನುವುದು ನಮಗೂ ಗೊತ್ತು. ಗೊತ್ತಿದೆ ಎಂದು ಬರೆದಿದ್ದು ನಿಜವಾಗಿ ಗೊತ್ತಿದೆಯೇ ಅನ್ನುವುದನ್ನಷ್ಟೇ ನೋಡುತ್ತಿರುತ್ತೇವೆ.

ಹಾಗಾಗಿ ಇವತ್ತು ಹೊಸ ಪ್ರಾಜೆಕ್ಟ್ ಮಾಡಿ ಅಂತ ಹೇಳುವುದಿಲ್ಲ. ನಿಮ್ಮ ಹತ್ತಿರ ಈಗಾಗಲೇ ಒಂದು ಇದೆ. ವಿಟಿಯು 2022ರ ಸ್ಕೀಮಿನ ಮೂರನೇ ಸೆಮಿಸ್ಟರ್ ಡೇಟಾ ಸ್ಟ್ರಕ್ಚರ್ಸ್ ಲ್ಯಾಬಿನ ಹನ್ನೆರಡನೇ ಪ್ರೋಗ್ರಾಮ್ ನೆನಪಿದೆಯಾ? ಉದ್ಯೋಗಿಗಳ ದಾಖಲೆ, ಪ್ರತಿಯೊಬ್ಬರಿಗೂ ನಾಲ್ಕಂಕಿಯ ಕೀ, `H(K) = K mod m`, ಡಿಕ್ಕಿಯಾದರೆ ಲೀನಿಯರ್ ಪ್ರೋಬಿಂಗ್. ನೀವೆಲ್ಲ ರೆಕಾರ್ಡಿನಲ್ಲಿ ಬರೆದು, ಸಹಿ ಹಾಕಿಸಿಕೊಂಡು, ಮರೆತಿರುವಂಥದ್ದು. ಸಂದರ್ಶನದ ಆ ಹದಿನೈದು ನಿಮಿಷಕ್ಕೆ ಇದೊಂದೇ ಸಾಕು. ಯಾಕೆ ಅನ್ನುವುದನ್ನು ಇದರೊಳಗೇ ಇಳಿದು ತೋರಿಸುತ್ತೇನೆ.

ಬೋರ್ಡಿನ ಮೇಲೆ ಬರೆಯುತ್ತೇನೆ, ನೀವೂ ಬರೆದುಕೊಳ್ಳಿ. ಟೇಬಲ್ಲಿನಲ್ಲಿ 100 ಜಾಗ ಇದೆ, ಅಂದರೆ `m = 100`. ಮೊದಲ ಕೀ 1234. ನೂರರಿಂದ ಭಾಗಿಸಿದರೆ ಶೇಷ 34, ಅದು 34ನೇ ಜಾಗಕ್ಕೆ ಹೋಯಿತು. ಎರಡನೆಯದು 5634. ಇದರ ಶೇಷವೂ 34. ಆ ಜಾಗ ತುಂಬಿದೆ, ಪಕ್ಕದ 35ಕ್ಕೆ ಹೋಯಿತು. ಮೂರನೆಯದು 2034. ಮತ್ತೆ 34. ಅಲ್ಲಿ ಇಲ್ಲ, 35 ಇಲ್ಲ, 36ರಲ್ಲಿ ಕೂತಿತು. ಈಗ 4535 ಬರುತ್ತದೆ. ಇದರ ಸ್ವಂತ ಜಾಗ 35. ಮೊದಲ ಮೂರಕ್ಕೂ ಇದಕ್ಕೂ ಸಂಬಂಧವೇ ಇಲ್ಲ, ಆದರೂ 35, 36 ಎರಡೂ ತುಂಬಿರುವುದರಿಂದ ಇದು 37ಕ್ಕೆ ಹೋಗಬೇಕು. ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಒಬ್ಬರು ಇನ್ನೊಬ್ಬರ ಸೀಟಿನಲ್ಲಿ ಕೂತರೆ ಹಿಂದಿನವರೆಲ್ಲ ಒಂದೊಂದು ಸೀಟು ಸರಿಯಬೇಕಾಗುತ್ತದಲ್ಲ, ಹಾಗೆ. ತುಂಬಿದ ಜಾಗಗಳು ಗುಂಪುಗಟ್ಟಿಕೊಳ್ಳುತ್ತಾ, ಗುಂಪು ದೊಡ್ಡದಾದಷ್ಟೂ ಹೊಸಬರನ್ನು ಇನ್ನಷ್ಟು ಎಳೆದುಕೊಳ್ಳುತ್ತಾ ಹೋಗುತ್ತದೆ. ಪುಸ್ತಕದಲ್ಲಿ ಇದನ್ನೇ ಪ್ರೈಮರಿ ಕ್ಲಸ್ಟರಿಂಗ್ ಅನ್ನುತ್ತಾರೆ.

ಇದು ನಿಮ್ಮ ರೆಸ್ಯೂಮೆಯಲ್ಲಿದ್ದರೆ ನಾನು ಕೇಳುವ ಮೊದಲ ಪ್ರಶ್ನೆ: “`m` ಯಾಕೆ 100?” ಬಹಳ ಮಂದಿ “ಮ್ಯಾನ್ಯುಯಲ್‌ನಲ್ಲಿ ಹಾಗಿತ್ತು ಸರ್” ಅನ್ನುತ್ತಾರೆ. ಪ್ರಾಮಾಣಿಕ ಉತ್ತರವೇ, ಆದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಸ್ವಲ್ಪ ಕೂತು ನೋಡಿದವರಿಗೆ ಇನ್ನೊಂದು ಕಾಣುತ್ತದೆ. ನೂರರಿಂದ ಭಾಗಿಸಿ ಶೇಷ ತೆಗೆದುಕೊಂಡರೆ ಕೀಯ ಮೊದಲ ಎರಡು ಅಂಕಿ ಲೆಕ್ಕಕ್ಕೇ ಬರುವುದಿಲ್ಲ. ಕಂಪನಿಯೊಂದು ಪ್ರತಿ ವಿಭಾಗದ ಸಿಬ್ಬಂದಿಗೆ 1001, 1101, 1201 ಎಂದು ಸಂಖ್ಯೆ ಕೊಟ್ಟಿದ್ದರೆ ಎಲ್ಲರೂ ಒಂದೇ ಜಾಗಕ್ಕೆ ಬಂದು ಬೀಳುತ್ತಾರೆ. ಈಗ `m` ಅನ್ನು 97 ಮಾಡಿ ನೋಡಿ, ಅದು ಅವಿಭಾಜ್ಯ ಸಂಖ್ಯೆ. 1234 ಹೋಗುವುದು 70ಕ್ಕೆ, 5634 ಹೋಗುವುದು 8ಕ್ಕೆ, 2034 ಹೋಗುವುದು 94ಕ್ಕೆ, 4535 ಹೋಗುವುದು 73ಕ್ಕೆ. ಒಂದೂ ಡಿಕ್ಕಿಯಿಲ್ಲ. “ಅವಿಭಾಜ್ಯ ಸಂಖ್ಯೆ ತಗೊಳ್ಳಬೇಕು” ಎಂದು ಬಾಯಿಪಾಠ ಒಪ್ಪಿಸಿದವರಿಗಿಂತ ಈ ನಾಲ್ಕು ಲೆಕ್ಕ ಕಾಗದದ ಮೇಲೆ ಮಾಡಿ ತೋರಿಸಿದವರನ್ನು ನಾನು ನಂಬುತ್ತೇನೆ. ಜೊತೆಗೆ, 97 ತೆಗೆದುಕೊಂಡ ಮಾತ್ರಕ್ಕೆ ಡಿಕ್ಕಿ ನಿಂತುಹೋಗುವುದಿಲ್ಲ, 97ರ ಅಂತರದಲ್ಲಿರುವ ಕೀಗಳು ಬಂದರೆ ಅವು ಇಲ್ಲೂ ಒಂದೇ ಜಾಗಕ್ಕೆ ಬೀಳುತ್ತವೆ ಅನ್ನುವುದನ್ನೂ ಸೇರಿಸಿದರೆ ನಾನು ಮುಂದಿನ ಪ್ರಶ್ನೆಗೆ ಹೋಗುತ್ತೇನೆ.

ಮುಂದಿನದು ಹುಡುಕುವ ಫಂಕ್ಷನ್. ನಿಮ್ಮ ರೆಕಾರ್ಡುಗಳಲ್ಲಿ ಸೇರಿಸುವುದು, ಟೇಬಲ್ ತೋರಿಸುವುದು ಮಾತ್ರ ಇರುತ್ತದೆ. ಹುಡುಕುವುದನ್ನು ನೀವೇ ಬರೆಯಿರಿ. ಹೀಗೆ ಬರುತ್ತದೆ:

```c
int search(int key) {
    int i = key % M;
    while (ht[i] != EMPTY) {
        if (ht[i] == key) return i;
        i = (i + 1) % M;
    }
    return -1;
}
```

ನೋಡಲು ಸರಿಯಾಗಿದೆ. ಕಂಪೈಲ್ ಆಗುತ್ತದೆ, ಮೂರು ನಾಲ್ಕು ಕೀ ಹಾಕಿ ನೋಡಿದರೆ ಉತ್ತರವೂ ಸರಿ ಬರುತ್ತದೆ. ಈಗ ಟೇಬಲ್ಲನ್ನು ಪೂರ್ತಿ ತುಂಬಿಸಿ, ಅದರಲ್ಲಿ ಇಲ್ಲದ ಕೀಯೊಂದನ್ನು ಹುಡುಕಿ. ಖಾಲಿ ಜಾಗವೇ ಇಲ್ಲ, ಹುಡುಕುವ ಕೀಯೂ ಇಲ್ಲ. ಲೂಪು ಸುತ್ತುತ್ತಲೇ ಇರುತ್ತದೆ, ಟರ್ಮಿನಲ್ ಹಾಗೇ ನಿಂತಿರುತ್ತದೆ, `Ctrl+C` ಒತ್ತಿಯೇ ಹೊರಬರಬೇಕು. ಎಷ್ಟು ಜಾಗ ನೋಡಿಯಾಯಿತು ಎಂದು ಎಣಿಸಿಕೊಂಡು, `M` ಆದ ಕೂಡಲೇ ನಿಲ್ಲಿಸುವುದು ಇದಕ್ಕೆ ಪರಿಹಾರ. ಸಣ್ಣ ತಿದ್ದುಪಡಿ, ಆದರೆ ಅದನ್ನು ಕಂಡುಹಿಡಿದ ಬಗೆ ಹೇಳಿದರೆ ನೀವು ನಿಮ್ಮ ಕೋಡನ್ನು ಮುರಿದು ನೋಡಿದ್ದೀರಿ ಅನ್ನುವುದು ತಿಳಿಯುತ್ತದೆ. ಕೆಲಸಕ್ಕೆ ಸೇರಿದ ಮೇಲೆ ದಿನವೂ ಮಾಡುವುದು ಅದನ್ನೇ.

ಇನ್ನು ನನಗೆ ಬಹಳ ಇಷ್ಟವಾದ ಪ್ರಶ್ನೆ: “ಒಬ್ಬ ಉದ್ಯೋಗಿ ಕೆಲಸ ಬಿಟ್ಟರು. ಅವರ ದಾಖಲೆ ಹೇಗೆ ಅಳಿಸುತ್ತೀರಿ?” ತಕ್ಷಣದ ಉತ್ತರ, “ಆ ಜಾಗವನ್ನು ಖಾಲಿ ಮಾಡುತ್ತೇನೆ” ಅಂತ. ಮಾಡಿ ನೋಡೋಣ. `m = 100` ಇದ್ದ ಟೇಬಲ್ಲಿಗೆ ವಾಪಸ್ ಬನ್ನಿ. 34ರಲ್ಲಿ 1234, 35ರಲ್ಲಿ 5634, 36ರಲ್ಲಿ 2034. 5634 ಅಳಿಸಿ 35ನ್ನು `EMPTY` ಮಾಡಿದಿರಿ. ಈಗ 2034 ಹುಡುಕಿ. 34ಕ್ಕೆ ಹೋದಿರಿ, ಅಲ್ಲಿ 1234 ಇದೆ, ಅದಲ್ಲ. 35ಕ್ಕೆ ಹೋದಿರಿ, ಖಾಲಿ. ಖಾಲಿ ಸಿಕ್ಕರೆ ನಿಲ್ಲಿಸು ಎಂದು ನೀವೇ ಬರೆದಿದ್ದೀರಿ. ಹಾಗಾಗಿ ಫಂಕ್ಷನ್ `-1` ಕೊಡುತ್ತದೆ. 2034 ಮಾತ್ರ 36ರಲ್ಲಿ ಹಾಗೇ ಇದೆ. ಒಬ್ಬರ ದಾಖಲೆ ಅಳಿಸಲು ಹೋಗಿ ಇನ್ನೊಬ್ಬರದನ್ನು ಕಾಣದಂತೆ ಮಾಡಿದಿರಿ. ಪ್ರೋಗ್ರಾಮ್ ಕ್ರ್ಯಾಶ್ ಆಗುವುದಿಲ್ಲ, ಎರರ್ ಬರುವುದಿಲ್ಲ, ಸುಮ್ಮನೆ ತಪ್ಪು ಉತ್ತರ ಕೊಡುತ್ತದೆ. ಹೀಗಾಗಿಯೇ ಇದು ಅಪಾಯದ್ದು.

ಇದಕ್ಕೆ `DELETED` ಎಂಬ ಬೇರೆಯದೇ ಗುರುತು ಇಡಬೇಕು. ಖಾಲಿ ಜಾಗಕ್ಕೆ -1 ಇಟ್ಟಿದ್ದರೆ ಅಳಿಸಿದ ಜಾಗಕ್ಕೆ -2 ಇಡಿ. ಪುಸ್ತಕಗಳಲ್ಲಿ ಇದಕ್ಕೆ ಟೂಂಬ್‌ಸ್ಟೋನ್ ಅನ್ನುತ್ತಾರೆ. ಮೇಲಿನ ಫಂಕ್ಷನ್ನಿನಲ್ಲಿ ಏನನ್ನೂ ಬದಲಿಸಬೇಕಿಲ್ಲ, -2 ಅನ್ನುವುದು `EMPTY` ಅಲ್ಲದ್ದರಿಂದ ಅದು ನಿಲ್ಲದೆ ಮುಂದೆ ಹೋಗುತ್ತದೆ. ಸೇರಿಸುವಾಗ ಮಾತ್ರ ಎಚ್ಚರ ಬೇಕು. ಅಳಿಸಿದ ಜಾಗದಲ್ಲಿ ಹೊಸ ಕೀ ಹಾಕಬಹುದು, ಆದರೆ ಅದೇ ಕೀ ಇನ್ನೂ ಮುಂದೆಲ್ಲೋ ಇದೆಯೇ ಎಂದು ಮೊದಲು ನೋಡಬೇಕು. ಇಲ್ಲದಿದ್ದರೆ ಒಂದೇ ಕೀ ಎರಡು ಕಡೆ ಕೂರುತ್ತದೆ. ಬಹಳ ಅಳಿಸಿ ಬಹಳ ಸೇರಿಸಿದ ಟೇಬಲ್ಲಿನಲ್ಲಿ -2ಗಳೇ ತುಂಬಿಕೊಂಡು, ದಾಖಲೆ ಕಡಿಮೆಯಿದ್ದರೂ ಹುಡುಕಾಟ ನಿಧಾನವಾಗುತ್ತದೆ. ಆಗ ಟೇಬಲ್ಲನ್ನು ಹೊಸದಾಗಿ ಕಟ್ಟಬೇಕು. ಇಷ್ಟು ಹೇಳಿದ ಎರಡನೇ ವರ್ಷದ ವಿದ್ಯಾರ್ಥಿಗೆ “ಪ್ರಾಜೆಕ್ಟ್ ಯಾಕೆ ಒಂದೇ?” ಎಂದು ನಾನಂತೂ ಕೇಳುವುದಿಲ್ಲ.

ಈಗ ಇದನ್ನು ಲ್ಯಾಬ್ ಪ್ರೋಗ್ರಾಮಿನಿಂದ ಸ್ವಂತ ಕೆಲಸವಾಗಿ ಮಾಡುವ ಬಗೆ. ಒಂದು ಅಳತೆ ಸೇರಿಸಿ. ಹುಡುಕುವಾಗ ಎಷ್ಟು ಜಾಗ ನೋಡಬೇಕಾಯಿತು ಎಂದು ಎಣಿಸುವ ಒಂದು ವೇರಿಯಬಲ್ ಇಡಿ. `M` ಅನ್ನು 1009 ಮಾಡಿ. `rand()` ಬಳಸಿ ಒಂದೇ ಕೀ ಎರಡು ಸಲ ಬಾರದಂತೆ ನಾಲ್ಕಂಕಿಯ ಕೀಗಳನ್ನು ಹಾಕುತ್ತಾ ಹೋಗಿ. ಟೇಬಲ್ ಅರ್ಧ ತುಂಬಿದಾಗ, ಮುಕ್ಕಾಲು ತುಂಬಿದಾಗ, ಶೇಕಡಾ 90 ತುಂಬಿದಾಗ, ಮೂರು ಹಂತದಲ್ಲೂ ಟೇಬಲ್ಲಿನಲ್ಲಿ ಇಲ್ಲದ ಸಾವಿರ ಕೀಗಳನ್ನು ಹುಡುಕಿ ಸರಾಸರಿ ತೆಗೆಯಿರಿ. ಒಂದು ಸಂಜೆಯ ಕೆಲಸ.

ಏನು ಬರಬೇಕು ಅನ್ನುವುದಕ್ಕೆ ಡೊನಾಲ್ಡ್ ಕನೂತ್ ಅರವತ್ತರ ದಶಕದ ಆರಂಭದಲ್ಲೇ ಸೂತ್ರ ಕಂಡುಕೊಟ್ಟಿದ್ದಾರೆ. ಟೇಬಲ್ ಎಷ್ಟು ಭಾಗ ತುಂಬಿದೆ ಅನ್ನುವುದನ್ನು `α` ಅಂದರೆ, ಇಲ್ಲದ ಕೀಯನ್ನು ಹುಡುಕಲು ಸರಾಸರಿ `½(1 + 1/(1−α)²)` ಜಾಗ ನೋಡಬೇಕು. ಅರ್ಧ ತುಂಬಿದಾಗ 2.5. ಮುಕ್ಕಾಲಿಗೆ 8.5. ಶೇಕಡಾ 90ಕ್ಕೆ 50.5. ಎರಡೂವರೆಯಿಂದ ಐವತ್ತಕ್ಕೆ ಹಾರಿದ್ದು ನೋಡಿ. ಸೂತ್ರ ದೊಡ್ಡ ಟೇಬಲ್ಲಿಗೆ ಹೊಂದುವಂಥದ್ದು. ನಿಮ್ಮ ಸಾವಿರದ ಟೇಬಲ್ಲಿನಲ್ಲಿ, ಅದರಲ್ಲೂ 90ರ ಹಂತದಲ್ಲಿ, ಪ್ರತಿ ಸಲ ಓಡಿಸಿದಾಗಲೂ ಅಂಕಿ ಏರಿಳಿಯುತ್ತದೆ. ಹಲವು ಸಲ ಓಡಿಸಿ, ಬಂದದ್ದನ್ನು ಬಂದ ಹಾಗೆ ಬರೆದಿಡಿ. ಸೂತ್ರಕ್ಕೆ ಹೊಂದಿಸಲು ಅಂಕಿ ತಿದ್ದಬೇಡಿ. “ನನಗೆ ಸೂತ್ರಕ್ಕಿಂತ ಕಡಿಮೆ ಬಂತು, ಟೇಬಲ್ ಚಿಕ್ಕದಾದ್ದರಿಂದ ಇರಬಹುದು” ಎನ್ನುವ ಮಾತಿಗೆ ಸಂದರ್ಶನದಲ್ಲಿ ಬೆಲೆಯಿದೆ.

ಇದಾದ ಮೇಲೆ ಸಹಜವಾಗಿ ಬರುವ ಪ್ರಶ್ನೆ, “ಹಾಗಾದರೆ ಟೇಬಲ್ ತುಂಬುತ್ತಾ ಬಂದಾಗ ಏನು ಮಾಡುತ್ತೀರಿ?” ಸುಮಾರು ಎರಡರಷ್ಟು ದೊಡ್ಡ ಹೊಸ ಟೇಬಲ್ ಮಾಡಿ ಎಲ್ಲ ಕೀಗಳನ್ನೂ ಅದಕ್ಕೆ ಸೇರಿಸಬೇಕು. ಹಳೆಯ ಜಾಗದಿಂದ ಅದೇ ಜಾಗಕ್ಕೆ ನಕಲು ಮಾಡುವಂತಿಲ್ಲ, `m` ಬದಲಾದ್ದರಿಂದ ಶೇಷವೂ ಬದಲಾಗುತ್ತದೆ. ಜಾವಾದ `HashMap` ಕೂಡ ತುಂಬುತ್ತಾ ಬಂದಾಗ ಹಿಗ್ಗುತ್ತದೆ. ಅದು 16 ಜಾಗದಿಂದ ಶುರುವಾಗಿ, 0.75 ಭಾಗ ತುಂಬಿತು ಅನ್ನುವಾಗ ಎರಡರಷ್ಟಾಗುತ್ತದೆ. ಅದರೊಳಗಿನ ರಚನೆ ನಿಮ್ಮದರಂತಲ್ಲ, ಅಲ್ಲಿ ಡಿಕ್ಕಿಯಾದವು ಪಕ್ಕದ ಜಾಗಕ್ಕೆ ಹೋಗದೆ ಅದೇ ಜಾಗದಲ್ಲಿ ಸರಪಳಿಯಾಗಿ ಕೂರುತ್ತವೆ. ಆ ವ್ಯತ್ಯಾಸ ತಿಳಿದಿದ್ದರೆ ಹೇಳಿ, ಇಲ್ಲದಿದ್ದರೆ ಜಾವಾದ ಮಾತೇ ಎತ್ತಬೇಡಿ. ನೀವು ಎತ್ತಿದ್ದನ್ನೆಲ್ಲ ನಾವು ಕೇಳುತ್ತೇವೆ.

ರೆಸ್ಯೂಮೆಯಲ್ಲಿ ಇದನ್ನು ಬರೆಯುವುದು ಹೇಗೆ? “ಎಂಪ್ಲಾಯಿ ಮ್ಯಾನೇಜ್‌ಮೆಂಟ್ ಸಿಸ್ಟಮ್” ಎಂದು ದೊಡ್ಡ ಹೆಸರು ಇಡಬೇಡಿ. ಹಾಗೆ ಬರೆದರೆ ಲಾಗಿನ್ ಎಲ್ಲಿ, ಡೇಟಾಬೇಸ್ ಯಾವುದು ಎಂದು ಕೇಳುತ್ತಾರೆ. ಮಾಡಿದ್ದನ್ನೇ ಬರೆಯಿರಿ: ಸಿ ಭಾಷೆಯಲ್ಲಿ ಓಪನ್ ಅಡ್ರೆಸಿಂಗ್ ಹ್ಯಾಶ್ ಟೇಬಲ್, ಅಳಿಸುವಿಕೆಗೆ ಟೂಂಬ್‌ಸ್ಟೋನ್, ಮೂರು ಹಂತದಲ್ಲಿ ಸರಾಸರಿ ಪ್ರೋಬ್ ಅಳತೆ, ನಿಮಗೆ ಬಂದ ಅಂಕಿಗಳು. ಎರಡೇ ಸಾಲು. ಲ್ಯಾಬಿನಲ್ಲಿ ಕೊಟ್ಟ ಪ್ರೋಗ್ರಾಮನ್ನು ಮುಂದುವರಿಸಿದ್ದು ಅಂತಲೂ ಹೇಳಿ, ಮುಚ್ಚಿಡುವ ಅಗತ್ಯವಿಲ್ಲ. ಕೋಡ್ ಗಿಟ್‌ಹಬ್‌ನಲ್ಲಿರಲಿ, ಜೊತೆಗೆ ಹೇಗೆ ಓಡಿಸಬೇಕು ಅನ್ನುವ ಕೆಲವು ಸಾಲು ಇರಲಿ.

ಇನ್ನು ಕೋಡಿಂಗ್ ಪ್ರಶ್ನೆ. ಎರಡನೇ ವರ್ಷದವರಿಗೆ ಬಹಳ ಕಡೆ ಕೇಳುವುದು ಅರೇ, ಸ್ಟ್ರಿಂಗ್, ಸ್ವಲ್ಪ ಲಿಂಕ್ಡ್ ಲಿಸ್ಟ್. ಅದರಲ್ಲಿ ತೀರಾ ಹಳೆಯದು ಟೂ ಸಮ್. ಒಂದು ಅರೇಯಲ್ಲಿ ಯಾವ ಎರಡು ಸಂಖ್ಯೆ ಕೂಡಿಸಿದರೆ ಕೊಟ್ಟ ಮೊತ್ತ ಬರುತ್ತದೆ, ಅವುಗಳ ಸ್ಥಾನ ಹೇಳು. ಉತ್ತರ ಗೊತ್ತಿದ್ದರೂ ಒಂದೇ ಉಸಿರಿಗೆ ಬರೆದುಬಿಡಬೇಡಿ. ಮೊದಲು ಕೇಳಿ: ಒಂದೇ ಸಂಖ್ಯೆಯನ್ನು ಎರಡು ಸಲ ಬಳಸಬಹುದೇ? ಉತ್ತರ ಇಲ್ಲದಿದ್ದರೆ ಏನು ಹಿಂತಿರುಗಿಸಲಿ? ಆಮೇಲೆ ಸುಲಭದ ದಾರಿಯನ್ನು ಬಾಯಲ್ಲಿ ಹೇಳಿ. ಪ್ರತಿ ಜೋಡಿಯನ್ನೂ ಕೂಡಿಸಿ ನೋಡುವುದು. ಹತ್ತು ಸಾವಿರ ಸಂಖ್ಯೆ ಇದ್ದರೆ ಸುಮಾರು ಐದು ಕೋಟಿ ಜೋಡಿ ಆಗುತ್ತದೆ ಅನ್ನುವುದನ್ನೂ ಹೇಳಿ. ಆಮೇಲೆ ನಿಮ್ಮ ಹ್ಯಾಶ್ ಟೇಬಲ್ಲಿಗೆ ಬನ್ನಿ.

ಅರೇ 8, 3, 7, 6. ಮೊತ್ತ 9. ಎಂಟಕ್ಕೆ ಜೊತೆಯಾಗಬೇಕಾದ್ದು 1, ಟೇಬಲ್ಲಿನಲ್ಲಿ ಇಲ್ಲ, ಎಂಟನ್ನು ಹಾಕಿದೆವು. ಮೂರಕ್ಕೆ 6 ಬೇಕು, ಇನ್ನೂ ಇಲ್ಲ, ಮೂರನ್ನು ಹಾಕಿದೆವು. ಏಳಕ್ಕೆ 2 ಬೇಕು, ಇಲ್ಲ, ಏಳನ್ನು ಹಾಕಿದೆವು. ಆರಕ್ಕೆ 3 ಬೇಕು, ಇದೆ. ಹತ್ತು ಸಾವಿರ ಸಂಖ್ಯೆಗೆ ಹೆಚ್ಚೆಂದರೆ ಹತ್ತು ಸಾವಿರ ಹುಡುಕಾಟ. ಇಲ್ಲಿ ಜಾರುವ ಜಾಗ ಒಂದಿದೆ. ಮೊದಲು ಹುಡುಕಿ ಆಮೇಲೆ ಹಾಕಬೇಕು. ಮೊದಲೇ ಹಾಕಿಬಿಟ್ಟರೆ, 3, 5 ಇರುವ ಅರೇಯಲ್ಲಿ 6 ಹುಡುಕುವಾಗ ಮೂರು ತನ್ನನ್ನೇ ಜೋಡಿಯಾಗಿ ಕಂಡುಕೊಳ್ಳುತ್ತದೆ. “ಇದು ಯಾವಾಗಲೂ `O(n)` ಆಗುತ್ತದಾ?” ಎಂದು ಕೇಳಿದರೆ ನೀವು ಅಳೆದದ್ದು ಕೈಗೆ ಬರುತ್ತದೆ. ಸರಾಸರಿಯಲ್ಲಿ ಹೌದು. ಎಲ್ಲ ಕೀಗಳೂ ಒಂದೇ ಜಾಗಕ್ಕೆ ಬಿದ್ದರೆ ಪ್ರತಿ ಹುಡುಕಾಟವೂ ಉದ್ದವಾಗಿ, ಒಟ್ಟು `O(n²)` ಆಗಬಹುದು. 1001, 1101, 1201 ಉದಾಹರಣೆ ಕೊಡಿ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಒಂದು ಮಾತು. ಗೊತ್ತಿದ್ದೂ ಇಂಗ್ಲಿಷಿನಲ್ಲಿ ಬಾಯಿ ಕಟ್ಟಿ ಕೂತವರನ್ನು ನಾನು ನೋಡಿದ್ದೇನೆ, ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಅದಕ್ಕೇ ಅಂಕಿಗಳ ಉದಾಹರಣೆ ಕಾಗದದ ಮೇಲೆ ಬರೆದು, ಬೆರಳಿಟ್ಟು ತೋರಿಸುತ್ತಾ ಮಾತಾಡಿ ಅನ್ನುತ್ತೇನೆ. 34, 35, 36 ಎಂದು ಚೌಕ ಎಳೆದು ಮಧ್ಯದ್ದನ್ನು ಅಳಿಸಿ ತೋರಿಸಲು ಹೆಚ್ಚು ಇಂಗ್ಲಿಷ್ ಬೇಕಿಲ್ಲ. ಆ ವಿವರಣೆಯನ್ನು ಮೊದಲು ರೂಮಿನಲ್ಲಿ ಗೆಳೆಯರಿಗೆ ಕನ್ನಡದಲ್ಲಿ ಹೇಳಿ. ಕನ್ನಡದಲ್ಲೇ ತಡವರಿಸಿದರೆ ತೊಂದರೆ ಇಂಗ್ಲಿಷಿನದಲ್ಲ, ವಿಷಯ ಇನ್ನೂ ಕೂತಿಲ್ಲ. ಕೂತ ಮೇಲೆ ಅದೇ ಏಳೆಂಟು ವಾಕ್ಯಗಳನ್ನು ಇಂಗ್ಲಿಷಿನಲ್ಲಿ ಜೋರಾಗಿ ಹೇಳಿಕೊಳ್ಳಿ. ಆನ್‌ಲೈನ್ ಸಂದರ್ಶನವಾದರೆ ಆ ಚೌಕಗಳನ್ನು ಎಡಿಟರಿನಲ್ಲೇ ಕಾಮೆಂಟಾಗಿ ಟೈಪ್ ಮಾಡಿ.

ಗೊತ್ತಿಲ್ಲದ್ದು ಬಂದಾಗ “ಗೊತ್ತಿಲ್ಲ” ಅನ್ನಿ, ಆದರೆ ಅಲ್ಲಿಗೇ ಬಿಡಬೇಡಿ. ಕ್ವಾಡ್ರಾಟಿಕ್ ಪ್ರೋಬಿಂಗ್ ಓದಿಲ್ಲ ಅಂದುಕೊಳ್ಳಿ. “ಅದನ್ನು ಬರೆದು ನೋಡಿಲ್ಲ, ಲೀನಿಯರ್‌ನಲ್ಲಿ ಗುಂಪುಗಟ್ಟುವುದನ್ನು ನೋಡಿದ್ದೇನೆ, ಹಾಗಾಗಿ ಪಕ್ಕಕ್ಕೇ ಹೋಗದೆ ದೂರಕ್ಕೆ ಹಾರಿದರೆ ಆ ಗುಂಪು ಒಡೆಯಬಹುದು ಅನಿಸುತ್ತದೆ” ಎಂದರೆ ಗೊತ್ತಿದ್ದುದರಿಂದ ಗೊತ್ತಿಲ್ಲದ್ದಕ್ಕೆ ಒಂದು ಹೆಜ್ಜೆ ಇಟ್ಟಂತಾಯಿತು. ನಾವು ಸುಳಿವು ಕೊಡುವುದೂ ಆಗಲೇ. ಸುಳಿವು ಕೊಟ್ಟಾಗ ಅದನ್ನು ಹಿಡಿದುಕೊಳ್ಳಿ, ನಿಮ್ಮ ಹಳೆಯ ದಾರಿಯಲ್ಲೇ ಹಟ ಮಾಡಬೇಡಿ.

ಮಾತು ಮುಗಿದ ಮೇಲೆ ಬಂದ ಎರಡು ಪ್ರಶ್ನೆಗಳನ್ನೂ ಇಲ್ಲಿ ಸೇರಿಸಿದ್ದೇನೆ.

ಹಿಂದಿನ ಸಾಲಿನಿಂದ ಒಬ್ಬ ವಿದ್ಯಾರ್ಥಿನಿ ಕೇಳಿದರು: “ಸರ್, ನಮ್ಮ ಕ್ಲಾಸಿನ ಎಲ್ಲರೂ ಇದೇ ಹನ್ನೆರಡನೇ ಪ್ರೋಗ್ರಾಮ್ ಬರೆದರೆ?” ಬರೆಯಬೇಡಿ. ಹನ್ನೊಂದನೆಯದು ಗ್ರಾಫ್. ನಿಮ್ಮೂರಿನ ಬಸ್ ನಿಲ್ದಾಣಗಳನ್ನೇ ಗ್ರಾಫ್ ಮಾಡಿ, ಬಿಎಫ್‌ಎಸ್ ಹಾಕಿ, ನಿಲ್ದಾಣ ಹೆಚ್ಚಾದಾಗ ಅಡ್ಜಸೆನ್ಸಿ ಮ್ಯಾಟ್ರಿಕ್ಸಿಗೆ ಎಷ್ಟು ಮೆಮೊರಿ ಬೇಕು ಅನ್ನುವುದನ್ನು ಲಿಸ್ಟ್ ರೂಪದ ಜೊತೆ ಹೋಲಿಸಿ. ಸಾವಿರ ನಿಲ್ದಾಣಕ್ಕೆ ಮ್ಯಾಟ್ರಿಕ್ಸಿನಲ್ಲಿ ಹತ್ತು ಲಕ್ಷ ಮನೆ, ಅದರಲ್ಲಿ ಬಹುಪಾಲು ಸೊನ್ನೆ. ಅಲ್ಲಿಂದಲೂ ಹದಿನೈದು ನಿಮಿಷದ ಮಾತು ಹುಟ್ಟುತ್ತದೆ.

ಇನ್ನೊಬ್ಬರು ಕೇಳಿದರು: “ಸಿ ಬಿಟ್ಟು ಪೈಥಾನಿನಲ್ಲಿ ಮಾಡಿದರೆ ಆಗುತ್ತಾ ಸರ್?” ಕೋಡಿಂಗ್ ಪ್ರಶ್ನೆಗೆ ಪೈಥಾನ್ ಬಳಸಿ, ಬೇಗ ಬರೆಯಬಹುದು, ಸಾಮಾನ್ಯವಾಗಿ ಒಪ್ಪುತ್ತಾರೆ. ಈ ಹ್ಯಾಶ್ ಟೇಬಲ್ಲನ್ನು ಮಾತ್ರ ಸಿ ಭಾಷೆಯಲ್ಲೇ ಮಾಡಿ. ಪೈಥಾನಿನಲ್ಲಿ ಮಾಡಲು ಹೊರಟರೆ ಡಿಕ್ಷನರಿ ಕೈಗೆಟುಕುವಷ್ಟು ಹತ್ತಿರದಲ್ಲಿರುತ್ತದೆ. ಅದನ್ನು ಬಳಸಿದ ಕೂಡಲೇ ಡಿಕ್ಕಿ, ಅಳಿಸುವಿಕೆ, ಹಿಗ್ಗುವಿಕೆ ಎಲ್ಲ ಒಳಗೇ ಅಡಗಿಬಿಡುತ್ತವೆ. ಆಗ ನಾನು ಕೇಳುವುದಕ್ಕೂ ಏನೂ ಉಳಿಯುವುದಿಲ್ಲ, ನೀವು ಹೇಳುವುದಕ್ಕೂ ಉಳಿಯುವುದಿಲ್ಲ.